ಒಂದೇ ಕೋರ್ಟು, ಓರೆ ನೆಟ್ಟು

ಪ್ರಶ್ನೆ: ಶ್ರೀನಿವಾಸಪುರದ ಕಡೆ ಒಂದು ಹೈಸ್ಕೂಲಿನಲ್ಲಿ ಪಿ.ಟಿ. ಮೇಷ್ಟ್ರಾಗಿದ್ದೇನೆ. ಒಂಬತ್ತನೇ ಕ್ಲಾಸಿನಲ್ಲಿ ನಾಲ್ಕು ಮಕ್ಕಳು ತಾಲ್ಲೂಕು ಮಟ್ಟದಲ್ಲಿ ವಾಲಿಬಾಲ್ ಆಡಿ ಬಂದವರು. ಉಳಿದವರದ್ದು ಸರ್ವಿಸ್ ನೆಟ್ ದಾಟುವುದೇ ಇಲ್ಲ. ಇರುವುದು ಒಂದೇ ನೆಟ್. ಎಲ್ಲರನ್ನೂ ಒಂದೇ ಆಟದಲ್ಲಿ ಆಡಿಸುವುದು ಹೇಗೆ ಸಾರ್?

ಉತ್ತರ: ಮೊದಲು ನೆಟ್ಟನ್ನು ಓರೆಯಾಗಿ ಕಟ್ಟಿ. ಒಂದು ಕಂಬದಲ್ಲಿ 2.24 ಮೀಟರ್, ಅಂದರೆ ಹೆಂಗಸರ ಪಂದ್ಯದ ಎತ್ತರ. ಇನ್ನೊಂದು ಕಂಬದಲ್ಲಿ 1.70 ಮೀಟರ್ ಸಾಕು. ಕೋರ್ಟಿನ ಅಗಲ 9 ಮೀಟರ್. ಹಾಗಾಗಿ ನೆಟ್ಟು ಮೀಟರಿಗೆ ಸುಮಾರು 6 ಸೆಂಟಿಮೀಟರಿನಂತೆ ಇಳಿಯುತ್ತಾ ಬರುತ್ತದೆ. ನಮ್ಮ ಕಡೆ ಕಂಬ ಅಂದ್ರೆ ನೀಲಗಿರಿ ಮರದ್ದೇ ಅಲ್ವಾ? ಎರಡೂ ಎತ್ತರಕ್ಕೆ ಒಂದೊಂದು ಮೊಳೆ ಹೊಡೆದುಬಿಡಿ. ದಿನಾ ಟೇಪ್ ಹಿಡಿಯುವ ತಾಪತ್ರಯ ಇರುವುದಿಲ್ಲ. ಮೇಲಿನ ಹಗ್ಗ ಮಾತ್ರ ಬಿಗಿಯಾಗಿರಲಿ. ಸಡಿಲ ಬಿಟ್ಟರೆ ನೆಟ್ಟು ನಡುವೆ ಜೋತುಬಿದ್ದು, ಎತ್ತರದ ಲೆಕ್ಕವೆಲ್ಲ ತಪ್ಪುತ್ತದೆ.

ಇದರಲ್ಲಿ ಒಂದು ಅನುಕೂಲವಿದೆ. ತಗ್ಗಿನ ತುದಿ ಎರಡೂ ತಂಡಕ್ಕೆ ತಗ್ಗೇ. ಹೊಸಬರು ಅಲ್ಲಿ ನಿಂತರೆ ಅವರ ಎದುರಿಗೂ ಹೊಸಬರೇ ಇರುತ್ತಾರೆ. ಪಳಗಿದವರು ಎತ್ತರದ ತುದಿಯಲ್ಲಿ ಪಳಗಿದವರನ್ನೇ ಎದುರಿಸುತ್ತಾರೆ. ಆಟ ಒಂದೇ, ಪಾಯಿಂಟೂ ಒಂದೇ. ರೊಟೇಷನ್ ಸದ್ಯಕ್ಕೆ ಬಿಡಿ. ಯಾರು ಎಲ್ಲಿ ನಿಲ್ಲಬೇಕು ಅನ್ನುವುದನ್ನು ಮಕ್ಕಳೇ ಆರಿಸಿಕೊಳ್ಳಲಿ. ನೀವು ಬೆರಳು ತೋರಿಸಿ "ನೀನು ತಗ್ಗಿಗೆ ಹೋಗು" ಅಂದ ಕೂಡಲೇ ಅದು ದಡ್ಡರ ಮೂಲೆ ಆಗಿಬಿಡುತ್ತದೆ.

ಮೊದಲ ದಿನವೇ ಒಂದು ತರಲೆ ಎದುರಾಗುತ್ತದೆ. ಚೆನ್ನಾಗಿ ಆಡುವ ಹುಡುಗ ಮೆಲ್ಲಗೆ ತಗ್ಗಿನ ಕಡೆ ಸರಿದು ಸ್ಮ್ಯಾಶ್ ಹೊಡೆಯುತ್ತಾನೆ. ಅದಕ್ಕೇ ತಗ್ಗಿನ ಕಂಬದ ಕಡೆಯಿಂದ 3 ಮೀಟರ್ ಬಿಟ್ಟು, ಕೋರ್ಟಿನ ಉದ್ದಕ್ಕೂ ಒಂದು ಗೆರೆ ಎಳೆಯಿರಿ. ಪಳಗಿದವರು ಆ ಪಟ್ಟಿಯೊಳಗೆ ಸ್ಮ್ಯಾಶ್ ಮಾಡುವಂತಿಲ್ಲ, ಆ ಪಟ್ಟಿಗೆ ಸ್ಮ್ಯಾಶ್ ಹೊಡೆಯುವಂತೆಯೂ ಇಲ್ಲ. ಬೇರೆ ಕಡೆ ಸ್ಮ್ಯಾಶ್ ಬೇಕಾದರೆ ನೆಟ್ಟಿನಿಂದ 3 ಮೀಟರ್ ದೂರದ ಅಟ್ಯಾಕ್ ಗೆರೆಯ ಹಿಂದಿನಿಂದಲೇ ನೆಗೆಯಬೇಕು. ತಾಲ್ಲೂಕು ಮಟ್ಟ ಆಡಿದವನಿಗೂ ಇದು ಸುಲಭವಲ್ಲ. ಲಿಫ್ಟ್ ಸರಿಯಾಗಿ ಬೀಳದಿದ್ದರೆ ಚೆಂಡು ನೆಟ್ಟಿಗೇ ಹೋಗುತ್ತದೆ.

ಸರ್ವಿಸ್‌ಗೆ ಮೂರು ಗೆರೆ ಮಾಡಿ. ನೆಟ್ಟಿನಿಂದ 4.5 ಮೀಟರಿಗೆ ಒಂದು, 6 ಮೀಟರಿಗೆ ಒಂದು, ಮೂರನೆಯದು 9 ಮೀಟರಿನ ಮಾಮೂಲಿ ಗೆರೆ. ಸತತ ಮೂರು ಸರ್ವಿಸ್ ದಾಟಿದರೆ ಒಂದು ಗೆರೆ ಹಿಂದಕ್ಕೆ. ಸತತ ಮೂರು ತಪ್ಪಿದರೆ ಒಂದು ಗೆರೆ ಮುಂದಕ್ಕೆ.

ಚೆಂಡಿನ ವಿಷಯ ಸ್ವಲ್ಪ ಕಷ್ಟ. ಆಟ ಒಂದೇ ಅಂದ ಮೇಲೆ ಚೆಂಡೂ ಒಂದೇ. ನನ್ನ ಅಭಿಪ್ರಾಯ ಕೇಳಿದರೆ, ಚೆಂಡನ್ನು ಹೊಸಬರಿಗಾಗಿ ಆರಿಸಿ, ರೂಲ್ಸನ್ನು ಪಳಗಿದವರಿಗೆ ಬಿಗಿ ಮಾಡಿ. ಮ್ಯಾಚ್ ಚೆಂಡು 260ರಿಂದ 280 ಗ್ರಾಂ ಇರುತ್ತದೆ. ಗಾಳಿ ಗಟ್ಟಿಯಾಗಿ ತುಂಬಿಸಿದ್ದರೆ ಮುಂಗೈ ಕೆಂಪಗಾಗುತ್ತದೆ. ಎರಡು ದಿನ ಉರಿದರೆ ಮೂರನೇ ದಿನ ಮಗು ಕೈಯನ್ನೇ ಚಾಚುವುದಿಲ್ಲ. ಹಗುರ ಚೆಂಡು ಸಿಕ್ಕರೆ ಒಳ್ಳೆಯದು. ಇಲ್ಲವಾದರೆ ಇದ್ದ ಚೆಂಡಿನಿಂದಲೇ ಸ್ವಲ್ಪ ಗಾಳಿ ಬಿಡಿ.

ಹೊಸಬರಿಗೆ ಇನ್ನೊಂದು ರಿಯಾಯಿತಿ ಕೊಡಬಹುದು. ಮೊದಲ ಚೆಂಡನ್ನು ಹಿಡಿದು, ತಲೆಯ ಮೇಲಕ್ಕೆ ತಾವೇ ಎಸೆದುಕೊಂಡು, ಪಾಸ್ ಮಾಡಲಿ. ಒಂದು ಸಲ ಪುಟಿಯಲು ಬಿಡುವ ರೂಲ್ ಸಿಮೆಂಟ್ ನೆಲದಲ್ಲಿ ಚೆನ್ನಾಗಿ ನಡೆಯುತ್ತದೆ. ನಮ್ಮ ಗರಸು ಮಣ್ಣಿನಲ್ಲಿ ಚೆಂಡು ಎತ್ತಲೋ ಹಾರುತ್ತದೆ, ಬೇಡ. ಆದರೆ ಹಿಡಿಯುವುದನ್ನು ಎರಡು ವಾರಕ್ಕಿಂತ ಜಾಸ್ತಿ ಬಿಡಬೇಡಿ. ಥ್ರೋಬಾಲ್ ಆಡಿ ಬಂದ ಹುಡುಗಿಯರಿಗೆ ಹಿಡಿಯುವುದೇ ಸಲೀಸು. ಬಿಟ್ಟರೆ ವಾಲಿಬಾಲ್ ಹೋಗಿ ಥ್ರೋಬಾಲೇ ಆಗುತ್ತದೆ.

ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ಬೇರೆ ರೂಲ್ ಮಾಡಿದ್ದೆ. ಎಲ್ಲರೂ ಒಮ್ಮೆ ಚೆಂಡು ಮುಟ್ಟಿದ ಮೇಲೇ ನೆಟ್ ದಾಟಿಸಬೇಕು ಅಂತ. ಕೇಳಲು ಎಷ್ಟು ಚೆನ್ನಾಗಿದೆ! ಹತ್ತು ನಿಮಿಷದಲ್ಲಿ ಗಟ್ಟಿ ಆಟಗಾರರು "ಮುಟ್ಟೇ, ಬೇಗ ಮುಟ್ಟೇ" ಅಂತ ಒಬ್ಬ ಹುಡುಗಿಯ ಮೇಲೆ ಎಗರಾಡುತ್ತಿದ್ದರು. ಮುಂದಿನ ಪೀರಿಯಡ್ಡಿಗೆ ಅವಳು ಹೊಟ್ಟೆನೋವು ಅಂತ ಕೂತುಬಿಟ್ಟಳು. ಹೊಸಬರ ತಪ್ಪಿನಿಂದ ಪಳಗಿದವರ ಪಾಯಿಂಟ್ ಹೋಗುವ ರೂಲ್ ಯಾವುದಿದ್ದರೂ ಹೀಗೇ ಆಗುತ್ತದೆ. ಈಗ ಉಲ್ಟಾ ಮಾಡುತ್ತೇನೆ. ಹೊಸಬರು ಲಿಫ್ಟರ್‌ಗೆ ಚೆಂಡು ಕೊಟ್ಟು ಆ ರ‍್ಯಾಲಿ ಗೆದ್ದರೆ ಎರಡು ಪಾಯಿಂಟ್. ಕೊಡಲು ಆಗದಿದ್ದರೆ ಕಳೆಯುವುದೇನಿಲ್ಲ.

ಸರಿಯಾಗಿ ನಡೆಯುತ್ತಿದೆಯಾ ಅಂತ ನೋಡಲು ಒಬ್ಬ ಹೊಸಬ, ಒಬ್ಬ ಪಳಗಿದವ, ಇಬ್ಬರ ಮೇಲೆ ಮಾತ್ರ ಕಣ್ಣಿಡಿ. ತಲಾ ಹತ್ತು ಚೆಂಡು ಎಣಿಸಿ. ಹತ್ತರಲ್ಲಿ ಆರೇಳು ಸರಿಯಾದರೆ ಇಬ್ಬರಿಗೂ ಅಳತೆ ಹದವಾಗಿದೆ. ಪಳಗಿದವನಿಗೆ ಹತ್ತಕ್ಕೆ ಹತ್ತೂ ಬಂದರೆ ಸುಮ್ನೆ ಹೊತ್ತು ಕಳೆಯುತ್ತಿದ್ದಾನೆ ಅಂತಲೇ ಲೆಕ್ಕ. ಎಡಗೈಯಲ್ಲಿ ಸ್ಮ್ಯಾಶ್ ಹೊಡಿ ಅನ್ನಿ. ಹೊಸಬನಿಗೆ ಮೂರೂ ಬರದಿದ್ದರೆ ತಗ್ಗಿನ ಮೊಳೆಯನ್ನು ಇನ್ನೊಂದು ಗೇಣು ಕೆಳಗೆ ಹೊಡೆಯಿರಿ.

ಹಾಂ, ಗೆರೆಗಳನ್ನು ಸುಣ್ಣದಲ್ಲೇ ಹಾಕಿ. ಕಾಲಿನಲ್ಲಿ ಗೀಚಿದ ಗೆರೆ ಹತ್ತು ನಿಮಿಷಕ್ಕೆ ಅಳಿಸಿಹೋಗುತ್ತದೆ. ಆಮೇಲೆ ಪೀರಿಯಡ್ ಪೂರ್ತಿ ಗೆರೆಯ ಜಗಳವೇ.