ಫೋಟೊದಲ್ಲಿ ಹಿಡಿಸಿದ ಫ್ರೇಮುಗಳು ಗೋಡೆಯಲ್ಲಿ ಯಾಕೆ ಹಿಡಿಸುವುದಿಲ್ಲ?

ಪ್ರಶ್ನೆ: ನಮ್ಮದು ಶಿರಸಿ ಹತ್ತಿರದ ಹಳೆಯ ಮನೆ. ಸುಣ್ಣಬಣ್ಣ ಆದ ಮೇಲೆ ಜಗುಲಿಯ ಗೋಡೆ ಖಾಲಿ ಇದೆ. ಅದರ ಫೋಟೊ ತೆಗೆದು, ಮೊಬೈಲಿನಲ್ಲೇ ಅದರ ಮೇಲೆ 7 ಫ್ರೇಮುಗಳ ಚಿತ್ರ ಇಟ್ಟು ನೋಡಿದೆ. ಚೆಂದ ಕಂಡಿತು. ಮೊಳೆ ಹೊಡೆಯಲು ಹೋದರೆ ಅಜ್ಜಿಯ ಫೋಟೊ ಸ್ವಿಚ್ ಬೋರ್ಡಿನ ಮೇಲೆ ಬಂತು. ಎಲ್ಲಿ ತಪ್ಪಿತು?

ಉತ್ತರ: ನೀವು ಕಳಿಸಿದ ಫೋಟೊ ನೋಡಿದೆ. ಬಾಗಿಲ ಬಳಿ ನಿಂತು ಓರೆಯಾಗಿ ತೆಗೆದಿದ್ದೀರಿ. ಹತ್ತಿರ ಇರುವ ಎಡಗಡೆ ದೊಡ್ಡದಾಗಿ ಕಾಣುತ್ತದೆ, ದೂರದ ಬಲಗಡೆ ಕುಗ್ಗಿದೆ. ಎಡಕ್ಕೆ ಒಂದು ಅಡಿ ಅಂತ ಕಂಡದ್ದು ಬಲಕ್ಕೆ ಒಂದು ಅಡಿ ಅಲ್ಲ. ಅದರ ಮೇಲೆ ಫ್ರೇಮುಗಳನ್ನು ಕಣ್ಣಂದಾಜಿನಲ್ಲಿ ಇಟ್ಟಿದ್ದೀರಿ. ಅಳತೆ ಇಲ್ಲದ ಫೋಟೊದಲ್ಲಿ ಏನು ಬೇಕಾದರೂ ಹಿಡಿಸುತ್ತದೆ.

ಹಾಗಾಗಿ ಫೋಟೊ ಇನ್ನೊಮ್ಮೆ ತೆಗೆಯಿರಿ. ಅದಕ್ಕೆ ಮೊದಲು ಗೋಡೆಯ ನಾಲ್ಕು ಮೂಲೆಗಳ ಹತ್ತಿರ ಒಂದೊಂದು ಎ4 ಹಾಳೆಯನ್ನು ಅಡ್ಡಡ್ಡ ಅಂಟಿಸಿ. ಅದರ ಉದ್ದ 29.7 ಸೆಂಟಿಮೀಟರ್, ಹೆಚ್ಚುಕಡಿಮೆ ಒಂದು ಅಡಿ. ಗೋಡೆಯ ನಡುಮಧ್ಯಕ್ಕೆ ಎದುರಾಗಿ ನಿಲ್ಲಿ. ಮೊಬೈಲನ್ನು ಎದೆಯ ಎತ್ತರಕ್ಕೆ ಹಿಡಿಯಿರಿ, ಮೇಲೆ ಕೆಳಗೆ ಓರೆ ಮಾಡಬೇಡಿ. ಆದಷ್ಟು ಹಿಂದೆ ಹೋಗಿ 2x ಜೂಮ್ ಇಟ್ಟು ತೆಗೆಯಿರಿ. ಜಗುಲಿ ಕಿರಿದಾಗಿದ್ದರೆ ಬಾಗಿಲು ತೆಗೆದು ಅಂಗಳದಿಂದಲೇ ತೆಗೆಯಬಹುದು. ಹತ್ತಿರದಿಂದ ಅಗಲ ಲೆನ್ಸಿನಲ್ಲಿ ತೆಗೆದರೆ ಗೋಡೆಯ ಅಂಚು ಬಾಗುತ್ತದೆ.

ಫೋಟೊ ಸರಿಯಾಗಿ ಬಂದಿದೆಯೋ ಇಲ್ಲವೋ ಅನ್ನುವುದನ್ನು ಆ ನಾಲ್ಕು ಹಾಳೆಗಳೇ ಹೇಳುತ್ತವೆ. ಪ್ರಿಂಟ್ ತೆಗೆಸಿ, ಸ್ಕೇಲ್ ಇಟ್ಟು ಅಳೆಯಿರಿ. ನಾಲ್ಕೂ ಒಂದೇ ಉದ್ದ ಇದ್ದರೆ ಫೋಟೊ ನಂಬಬಹುದು. ಬಲಗಡೆಯವು ಚಿಕ್ಕದಾಗಿದ್ದರೆ ನೀವು ಎಡಕ್ಕೆ ಸರಿದು ನಿಂತಿದ್ದೀರಿ ಅಂತ ಅರ್ಥ. ಮೇಲಿನವು ಚಿಕ್ಕದಾಗಿದ್ದರೆ ಮೊಬೈಲ್ ಮೇಲಕ್ಕೆ ಓರೆಯಾಗಿತ್ತು.

ನಿಮ್ಮ ಗೋಡೆ 10 ಅಡಿ ಅಗಲ, ಅಂದರೆ 120 ಇಂಚು. ಪ್ರಿಂಟಿನಲ್ಲಿ ಆ ಅಗಲ ಸರಿಯಾಗಿ 24 ಸೆಂಟಿಮೀಟರ್ ಬರುವಂತೆ ಮಾಡಿಸಿ. ಅಡ್ಡ ಎ4 ಹಾಳೆಯಲ್ಲಿ ಅದು ಕೂರುತ್ತದೆ. ಮಾಡಿನ ಹತ್ತಿರದ ತುಂಡು ಕತ್ತರಿಸಿ ಹೋದರೂ ಅಡ್ಡಿಯಿಲ್ಲ. ಈಗ ಗೋಡೆಯ 1 ಇಂಚು ಅಂದರೆ ಕಾಗದದ 2 ಮಿಲಿಮೀಟರ್. ಲೆಕ್ಕ ಇಷ್ಟು ಸುಲಭವಾದರೆ ಮುಂದಿನದು ಕತ್ತರಿ ಕೆಲಸ ಮಾತ್ರ.

ಫ್ರೇಮುಗಳನ್ನು ಕಟ್ಟಿನ ಹೊರ ಅಂಚಿನಿಂದ ಅಳೆಯಿರಿ, ಒಳಗಿನ ಫೋಟೊವನ್ನಲ್ಲ. ನೀವು ಕೊಟ್ಟ ಅಳತೆ ಹೀಗಿದೆ: ಮದುವೆ ಮನೆಯ ಗ್ರೂಪ್ ಫೋಟೊ 24 ಇಂಚು ಅಗಲ, 18 ಎತ್ತರ. ಅಜ್ಜ, ಅಜ್ಜಿಯ ಫೋಟೊ 12 ಅಗಲ, 15 ಎತ್ತರ. ಚಿಕ್ಕವು ನಾಲ್ಕು, 8 ಅಗಲ, 10 ಎತ್ತರ. ದಪ್ಪ ಕಾಗದದಲ್ಲಿ ದೊಡ್ಡದನ್ನು 48ಕ್ಕೆ 36 ಮಿಲಿಮೀಟರ್, ಅಜ್ಜ ಅಜ್ಜಿಯದನ್ನು 24ಕ್ಕೆ 30, ಚಿಕ್ಕದನ್ನು 16ಕ್ಕೆ 20 ಅಂತ ಕತ್ತರಿಸಿ. ಪ್ರಿಂಟಿನ ಮೇಲೆ ಇಟ್ಟು ಸರಿಸುತ್ತಾ ನೋಡಿ. ಸ್ವಿಚ್ ಬೋರ್ಡಿನಿಂದ ಮೇಲಕ್ಕೆ ಪೆನ್ಸಿಲಿನಲ್ಲಿ ಒಂದು ನೇರ ಪಟ್ಟಿ ಎಳೆದುಬಿಡಿ. ವಯರು ಸಾಮಾನ್ಯವಾಗಿ ಅಲ್ಲೇ ಇಳಿದಿರುತ್ತದೆ, ಅಲ್ಲಿ ಮೊಳೆ ಬೇಡವೇ ಬೇಡ.

ಅಜ್ಜ ಅಜ್ಜಿಯ ಫೋಟೊಗೆ ಹಾರ ಹಾಕುತ್ತೀರಿ ಅಲ್ವಾ? ಹೂವಿನ ಹಾರ ಫ್ರೇಮಿನ ಕೆಳಗೂ ಅರ್ಧ ಅಡಿ ಇಳಿಯುತ್ತದೆ. ಅದರ ಕೆಳಗೆ ಇನ್ನೊಂದು ಫೋಟೊ ಇಟ್ಟರೆ ಹಾರ ಅದರ ಮುಖದ ಮೇಲೆ ಬೀಳುತ್ತದೆ. ಹೂವಿನ ನೀರು ಗಾಜಿಗೆ ಇಳಿಯುತ್ತದೆ. ಹಾಗಾಗಿ ಅವರ ಫ್ರೇಮನ್ನು 15 ಇಂಚು ಅಂತ ಎಣಿಸಬೇಡಿ, 21 ಅಂತ ಎಣಿಸಿ. ಕೈಗೆ ಸಿಗುವ ಎತ್ತರವೂ ಬೇಕು, ಹಬ್ಬಕ್ಕೆಲ್ಲ ಸ್ಟೂಲ್ ಹತ್ತುವಂತೆ ಆಗಬಾರದು. ತೀರಿಕೊಂಡವರ ಸಾಲಿನಲ್ಲಿ ಮಕ್ಕಳ ಫೋಟೊ ಬೇಡ ಎನ್ನುವ ಮನೆಗಳಿವೆ. ನಿಮ್ಮಲ್ಲಿ ಹಾಗಿದ್ದರೆ ಮನೆಯ ಹಿರಿಯರನ್ನು ಮೊದಲೇ ಕೇಳಿಕೊಳ್ಳಿ.

ನಾನು ಇಟ್ಟು ನೋಡಿದ ಜೋಡಣೆ ಹೀಗಿದೆ. ನಡುವೆ ಗ್ರೂಪ್ ಫೋಟೊ. ಅದರ ಎಡಕ್ಕೆ ಅಜ್ಜ, ಬಲಕ್ಕೆ ಅಜ್ಜಿ. ಎರಡೂ ತುದಿಗೆ ಚಿಕ್ಕವು ಎರಡೆರಡು, ಒಂದರ ಕೆಳಗೆ ಒಂದು. ಎಲ್ಲ ಕಡೆ 2 ಇಂಚು ಸಂದು. ಅಗಲ ಕೂಡಿಸಿದರೆ 72 ಇಂಚು. ಗೋಡೆಯ ಕೆಳಗಿರುವ ನಿಮ್ಮ ಬೆಂಚೂ 6 ಅಡಿ ಇರುವುದರಿಂದ ಅದರ ಅಂಚಿಗೆ ಸರಿಯಾಗಿ ನಿಲ್ಲುತ್ತದೆ. ಚಿಕ್ಕವುಗಳ ಕಂಬ 22 ಇಂಚು ಎತ್ತರ. ಹಾರ ಸೇರಿದ ಅಜ್ಜ ಅಜ್ಜಿ 21. ಮೇಲಿನ ಅಂಚು ಎಲ್ಲದಕ್ಕೂ ಒಂದೇ ಗೆರೆಯಲ್ಲಿ ಇಟ್ಟರೆ ಕೆಳಗೂ ಹೆಚ್ಚುಕಡಿಮೆ ಸಮ ಬರುತ್ತದೆ.

ಇನ್ನು ಎತ್ತರ. ಜೋಡಣೆಯ ನಡುಭಾಗ ನೆಲದಿಂದ 57ರಿಂದ 60 ಇಂಚಿನಲ್ಲಿರಲಿ ಅಂತ ಹೇಳುವುದುಂಟು. ಅದು ನಿಂತು ನೋಡುವ ಗೋಡೆಗೆ ಸರಿ. ನಿಮ್ಮಲ್ಲಿ ಕೆಳಗೆ ಬೆಂಚಿದೆ. ಆಸನ 18 ಇಂಚು, ಕೂತವರ ತಲೆ ಅದರ ಮೇಲೆ ಸುಮಾರು 33. ಅಂದರೆ 51 ಇಂಚಿನವರೆಗೆ ತಲೆ ಬರುತ್ತದೆ. ಅದಕ್ಕಿಂತ ಕೆಳಗೆ ಫ್ರೇಮ್ ಇದ್ದರೆ ತಲೆ ತಾಗಿ ಓರೆಯಾಗುತ್ತದೆ, ಎಣ್ಣೆ ಗುರುತೂ ಬೀಳುತ್ತದೆ. ಹಾಗಾಗಿ ಇಲ್ಲಿ ಕೆಳ ಅಂಚು 52ಕ್ಕೆ, ಮೇಲಿನ ಗೆರೆ 74ಕ್ಕೆ ಇಡಿ.

ಮೊಳೆ ಹೊಡೆಯುವ ಮೊದಲು ಹಳೇ ಪೇಪರನ್ನು ಫ್ರೇಮಿನ ನಿಜ ಅಳತೆಗೆ ಕತ್ತರಿಸಿ ಗೋಡೆಗೆ ಅಂಟಿಸಿ. ಒಂದು ದಿನ ಹಾಗೇ ಬಿಡಿ. ಮೊಳೆ ಎಲ್ಲಿ ಅನ್ನುವುದನ್ನು ಆ ಪೇಪರಿನ ಮೇಲೇ ಗುರುತಿಸಬೇಕು. ಫ್ರೇಮಿನ ಹಿಂದಿನ ತಂತಿಯನ್ನು ಬೆರಳಿನಿಂದ ಮೇಲಕ್ಕೆ ಎಳೆದು, ಮೇಲಂಚಿನಿಂದ ಅಲ್ಲಿಗೆ ಎಷ್ಟು ಅಂತ ಅಳೆಯಿರಿ. ದೊಡ್ಡದಕ್ಕೆ 3 ಇಂಚು ಬಂದರೆ ಮೊಳೆ 71ರಲ್ಲಿ. ಮೇಲಿನ ಚಿಕ್ಕದರ ಬಳೆ 1 ಇಂಚು ಕೆಳಗಿದ್ದರೆ ಮೊಳೆ 73ರಲ್ಲಿ. ಎಲ್ಲ ಮೊಳೆ ಒಂದೇ ಎತ್ತರಕ್ಕೆ ಹೊಡೆದರೆ ಫ್ರೇಮುಗಳು ಒಂದೇ ಗೆರೆಗೆ ಬರುವುದಿಲ್ಲ. ಹೆಚ್ಚಿನವರು ತಪ್ಪುವುದು ಇಲ್ಲೇ.

ಚಿರೆಕಲ್ಲಿನ ಗೋಡೆಗೆ ಸುಮ್ನೆ ಮೊಳೆ ಬಡಿದರೆ ಗಾರೆ ಉದುರುತ್ತದೆ, ಮೊಳೆ ಅಲ್ಲಾಡುತ್ತದೆ. ದೊಡ್ಡ ಮೂರು ಫ್ರೇಮಿಗೆ 6 ಮಿಲಿಮೀಟರ್ ತೂತು ಕೊರೆಸಿ, ಪ್ಲಾಸ್ಟಿಕ್ ಪ್ಲಗ್ ಕೂರಿಸಿ, ಸ್ಟೀಲ್ ಸ್ಕ್ರೂ ಹಾಕಿಸಿ. ಬರೀ ಕಬ್ಬಿಣದ್ದು ಬೇಡ. ನಮ್ಮ ಮಳೆಗೆ ತುಕ್ಕು ಹಿಡಿದು ಸುಣ್ಣದ ಮೇಲೆ ಕೆಂಪು ಗೆರೆ ಇಳಿಯುತ್ತದೆ.

ಒಂದೇ ಒಂದು ಮಾತು ಬಾಕಿ ಇದೆ. ನಿಮ್ಮ ಫೋಟೊದಲ್ಲಿ ಎಡ ಮೂಲೆಯ ಕೆಳಗೆ ಮಸುಕು ಕಲೆ ಕಾಣುತ್ತಿದೆ. ಅದು ತಂಡಿ ಆಗಿದ್ದರೆ ಮಳೆಗಾಲದಲ್ಲಿ ಮೇಲಕ್ಕೂ ಹಬ್ಬಬಹುದು. ಪ್ರತಿ ಫ್ರೇಮಿನ ಹಿಂದೆ ಕೆಳಗಿನ ಎರಡು ಮೂಲೆಗೆ ಬಾಟಲಿಯ ಬೂಚಿನ ತೆಳು ತುಂಡು ಅಂಟಿಸಿ, ಗೋಡೆಗೂ ರಟ್ಟಿಗೂ ನಡುವೆ ಗಾಳಿ ಆಡಲಿ. ಅಜ್ಜ ಅಜ್ಜಿಯ ಹಳೆಯ ಪ್ರಿಂಟ್ ಗಾಜಿಗೆ ಅಂಟಿಕೊಂಡು ಕೂತಿದೆಯೋ ನೋಡಿ. ಕೂತಿದ್ದರೆ ಕಿತ್ತು ತೆಗೆಯಲು ಹೋಗಬೇಡಿ, ಮುಖವೇ ಗಾಜಿನ ಜೊತೆ ಬರುತ್ತದೆ. ಹಾಗೇ ಗಾಜಿನ ಮೇಲಿಂದ ಒಂದು ಕಾಪಿ ತೆಗೆಸಿ, ಹೊಸ ಪ್ರಿಂಟಿಗೆ ಸುತ್ತ ರಟ್ಟಿನ ಅಂಚು ಕೊಟ್ಟು ಕಟ್ಟು ಹಾಕಿಸಿ ಗೋಡೆಗೆ ಹಾಕಿ. ಹಳೆಯದು ಒಣಗಿದ ಕಪಾಟಿನಲ್ಲಿರಲಿ.