ಮಂಗಳವಾರ ರಾತ್ರಿ 9ಕ್ಕೇ ದುಡ್ಡೆಲ್ಲ ಹಾಕಲೇ?

ಪ್ರಶ್ನೆ: ಇಳಕಲ್‌ನಲ್ಲಿ ನಮ್ಮದು ಸೀರೆ ಅಂಗಡಿ. ಗೂಗಲ್ ಆಡ್ಸ್‌ಗೆ ದಿನಕ್ಕೆ 600 ರೂಪಾಯಿ ಹಾಕುತ್ತೇವೆ. ಕಳೆದ ತಿಂಗಳು 60 ಆರ್ಡರ್ ಬಂದವು. ಗಂಟೆವಾರು ರಿಪೋರ್ಟ್‌ನಲ್ಲಿ ಮಂಗಳವಾರ ರಾತ್ರಿ 9ಕ್ಕೆ ಮೂರು ಆರ್ಡರ್ ಇವೆ. ಎಷ್ಟೋ ಗಂಟೆಗಳಲ್ಲಿ ಒಂದೂ ಇಲ್ಲ. ಜಾಹೀರಾತನ್ನು ಆ ಹೊತ್ತಿಗೇ ಇಡಬಹುದೇ?

ಉತ್ತರ: ಈಗಲೇ ಬೇಡ. ವಾರಕ್ಕೆ 168 ಗಂಟೆ ಇವೆ. 168 ಮನೆ ಬರೆದ ಹಾಳೆಯ ಮೇಲೆ 60 ಜೋಳದ ಕಾಳು ಸುಮ್ನೆ ಎರಚಿ ನೋಡಿ. ಸುಮಾರು 117 ಮನೆ ಖಾಲಿ ಉಳಿಯುತ್ತವೆ. ಏಳೆಂಟರಲ್ಲಿ ಎರಡೆರಡು ಕಾಳು ಬೀಳುತ್ತವೆ, ಎಲ್ಲೋ ಒಂದರಲ್ಲಿ ಮೂರು. ಆ ಮನೆಯಲ್ಲಿ ವಿಶೇಷವೇನೂ ಇಲ್ಲ, ಅಲ್ವಾ? ನಿಮ್ಮ ಮಂಗಳವಾರವೂ ಹಾಗೇ ಇರಬಹುದು.

ಅದಕ್ಕೇ ಗಂಟೆಗಳನ್ನು ದೊಡ್ಡ ಗುಂಪು ಮಾಡಿ. ನಿಮ್ಮ 18,000 ರೂಪಾಯಿ ಹೀಗೆ ಹೋಗಿದೆ ಎಂದುಕೊಳ್ಳೋಣ. ಬೆಳಿಗ್ಗೆ 6ರಿಂದ 12ರವರೆಗೆ 4,800 ರೂಪಾಯಿಗೆ 16 ಆರ್ಡರ್. ಮಧ್ಯಾಹ್ನ 12ರಿಂದ 6ಕ್ಕೆ 5,400ಕ್ಕೆ 15. ಸಂಜೆ 6ರಿಂದ ನಡುರಾತ್ರಿವರೆಗೆ ಅಷ್ಟೇ ದುಡ್ಡಿಗೆ 27. ನಡುರಾತ್ರಿಯಿಂದ ಬೆಳಿಗ್ಗೆ 6ಕ್ಕೆ 2,400ಕ್ಕೆ ಬರೀ 2. ಸರಾಸರಿ ಒಂದು ಆರ್ಡರ್‌ಗೆ 300 ರೂಪಾಯಿ ಬೀಳುತ್ತದೆ. ಆ ಲೆಕ್ಕದಲ್ಲಿ ನಡುರಾತ್ರಿ ನಂತರ 8 ಬರಬೇಕಿತ್ತು, ಸಂಜೆ 18. ಎರಡೂ ಬರೀ ಅದೃಷ್ಟದ ಏರಿಳಿತಕ್ಕಿಂತ ಜಾಸ್ತಿ ಇದ್ದಂತೆ ಕಾಣುತ್ತವೆ. ಆದರೂ ಇನ್ನೊಂದು ತಿಂಗಳ ಲೆಕ್ಕದಲ್ಲೂ ಹೀಗೇ ಬಂದರೆ ಮಾತ್ರ ನಾನು ನಂಬುತ್ತೇನೆ.

ಆರ್ಡರ್ ಪುಸ್ತಕದ ಸಮಯವನ್ನು ಈ ರಿಪೋರ್ಟ್ ಜೊತೆ ಬೆರೆಸಬೇಡಿ. ರಾತ್ರಿ 10ಕ್ಕೆ ಕ್ಲಿಕ್ ಮಾಡಿದವರು ಮರುದಿನ ಮನೆಯವರಿಗೆ ತೋರಿಸಿ 11ಕ್ಕೆ ಕೊಳ್ಳುತ್ತಾರೆ. ಗೂಗಲ್ ಆಡ್ಸ್‌ನಲ್ಲಿ ಜಾಹೀರಾತಿನಿಂದ ಬಂದ ಆರ್ಡರ್ ಎಣಿಸುವ ಸಾಮಾನ್ಯ ಕನ್ವರ್ಷನ್ ಕಾಲಂ ಅದನ್ನು ಕ್ಲಿಕ್ ಆದ ರಾತ್ರಿ 10ಕ್ಕೇ ಬರೆಯುತ್ತದೆ. ನಿಮ್ಮ ಪುಸ್ತಕ ಬೆಳಿಗ್ಗೆ 11 ಎನ್ನುತ್ತದೆ. ಖರ್ಚಾಗುವುದು ಕ್ಲಿಕ್ ಹೊತ್ತಿನಲ್ಲಿ, ಹಾಗಾಗಿ ಅದೇ ಸರಿಯಾದ ಅಳತೆ. ಕಳೆದ ವಾರದ ಕ್ಲಿಕ್‌ಗಳಿಗೆ ಆರ್ಡರ್ ಇನ್ನೂ ಬರುತ್ತಿರುತ್ತವೆ. ಆ ವಾರವನ್ನು ಲೆಕ್ಕದಿಂದ ಬಿಡಿ.

ವಾರದ ಯಾವ ದಿನ ಒಳ್ಳೆಯದು ಎಂಬ ಲೆಕ್ಕ ಇನ್ನೂ ತೆಳು. ತಿಂಗಳಿಗೆ ಮಂಗಳವಾರ ಬರುವುದೇ ನಾಲ್ಕೋ ಐದೋ. ನಾಗರ ಪಂಚಮಿಗೆ ಮುಂಚಿನ ಒಂದು ಮಂಗಳವಾರ ಜೋರು ಸೀರೆ ಹೋದರೆ, ಇಡೀ ಮಂಗಳವಾರವೇ ಒಳ್ಳೆಯದು ಎಂದು ಕಾಣುತ್ತದೆ. ಕನಿಷ್ಠ ಮೂರು ತಿಂಗಳು ಕಾಯಿರಿ, ಹಬ್ಬದ ವಾರಗಳನ್ನು ಬೇರೆ ಇಡಿ.

ಎರಡನೇ ತಿಂಗಳೂ ನಡುರಾತ್ರಿ ನಂತರದ ಲೆಕ್ಕ ಕೆಟ್ಟದಾಗಿದ್ದರೆ, ಆಡ್ ಶೆಡ್ಯೂಲ್‌ನಲ್ಲಿ ನಡುರಾತ್ರಿ 12ರಿಂದ ಬೆಳಿಗ್ಗೆ 6ರವರೆಗೆ ಮಾತ್ರ ಜಾಹೀರಾತು ನಿಲ್ಲಿಸಿ. ಒಂದು ಆರ್ಡರ್‌ಗೆ ಇಷ್ಟು ಖರ್ಚು ಎಂದು ಗುರಿ ಕೊಟ್ಟು ಬಿಡ್ ಹಾಕುವುದನ್ನು ಗೂಗಲ್‌ಗೇ ಬಿಡುವ ಟಾರ್ಗೆಟ್ ಸಿಪಿಎಯಂಥ ಆಟೋಮ್ಯಾಟಿಕ್ ಬಿಡ್ಡಿಂಗ್ ಇದ್ದರೆ ಸಂಜೆಗೆ ಶೇಕಡಾ ಇಷ್ಟು ಏರಿಸಿ ಎಂದು ಹಾಕಿದ್ದು ಲೆಕ್ಕಕ್ಕೆ ಬರುವುದಿಲ್ಲ. ಆಮೇಲೆ ಇಡೀ ತಿಂಗಳ ಖರ್ಚನ್ನು ಇಡೀ ತಿಂಗಳ ಆರ್ಡರ್‌ನಿಂದ ಭಾಗಿಸಿ. 300 ಇದ್ದದ್ದು ಇಳಿಯದಿದ್ದರೆ ಆ ಆರು ಗಂಟೆಯನ್ನು ಮತ್ತೆ ತೆರೆಯಿರಿ.