ಅನುಪಲ್ಲವಿ ಎಲ್ಲಿಂದ ಬಂತು? ದೇವರನಾಮ ಕೃತಿಯಾದ ದಾರಿ

ಪುಣೆಯಲ್ಲಿ ಶುಕ್ರವಾರದ ಆರತಿಗೆ ‘ಭಾಗ್ಯದ ಲಕ್ಷ್ಮೀ ಬಾರಮ್ಮ’ ಹಾಡದ ಕನ್ನಡದ ಮನೆ ಸಿಗುವುದು ಕಷ್ಟ. ಇದೇ ಊರಲ್ಲಿ ಬಾಳಿದ ಭೀಮಸೇನ ಜೋಶಿಯವರು ಅದನ್ನು ಹಾಡಿದ್ದರಿಂದ ಪಕ್ಕದ ಮನೆಯ ಮರಾಠಿ ಕಾಕೂಗೂ ಪಲ್ಲವಿ ಬಾಯಿಗೆ ಬರುತ್ತದೆ. ಗೊಂದಲ ಶುರುವಾಗುವುದು ಆ ಮನೆಯ ಮಗು ಕರ್ನಾಟಕ ಸಂಗೀತದ ಕ್ಲಾಸಿಗೆ ಸೇರಿ ಕೃತಿ ಕಲಿಯತೊಡಗಿದಾಗ. ಪಲ್ಲವಿ, ಚರಣ ಗೊತ್ತು. ನಡುವೆ ಈ ಅನುಪಲ್ಲವಿ ಯಾಕೆ? ಖಯಾಲ್ ಕೇಳಿ ಬೆಳೆದ ಅಜ್ಜ ‘ಪಲ್ಲವಿ ಅಂದ್ರ ಸ್ಥಾಯಿ, ಅನುಪಲ್ಲವಿ ಅಂದ್ರ ಅಂತರಾ, ಅಷ್ಟ ನೋಡವಾ’ ಎಂದುಬಿಡುತ್ತಾರೆ. ಹಾಗಾದರೆ ಚರಣ ಯಾವುದು ಎಂದು ಮಗು ಕೇಳಿದರೆ ಅಜ್ಜನೂ ಸುಮ್ಮನೆ.

ಹದಿಮೂರನೆಯ ಶತಮಾನದ ಸಂಗೀತರತ್ನಾಕರ ವರ್ಣಿಸುವ ಪ್ರಬಂಧಗಳಿಗೂ ಉದ್ಗ್ರಾಹ, ಮೇಲಾಪಕ, ಧ್ರುವ, ಆಭೋಗ ಎಂಬ ಭಾಗಗಳಿದ್ದವು. ತಾಳ್ಳಪಾಕದ ಅನ್ನಮಾಚಾರ್ಯರ ಹೊತ್ತಿಗೆ ಪಲ್ಲವಿ ಮತ್ತು ಚರಣಗಳ ಕೀರ್ತನೆ ನೆಲೆಯಾಗಿತ್ತು. ಪುರಂದರದಾಸರು ಆ ದಾರಿಯನ್ನೇ ಕನ್ನಡದಲ್ಲಿ ಅಗಲಗೊಳಿಸಿದರು. ನಮಗೆ ಕೆಲಸವಿರುವುದು ಇಲ್ಲಿಂದ ಮುಂದೆ.

‘ಭಾಗ್ಯದ ಲಕ್ಷ್ಮೀ’ಗೆ ಅನುಪಲ್ಲವಿ ಇಲ್ಲ. ಚರಣಗಳು ಹಲವು, ಎಲ್ಲಕ್ಕೂ ಧಾಟಿ ಒಂದೇ. ಪ್ರತಿ ಚರಣ ಮುಗಿದ ಮೇಲೆ ಪಲ್ಲವಿಗೆ ಮರಳುತ್ತೇವೆ. ದಾಸರ ಎಷ್ಟೋ ಪದಗಳಲ್ಲಿ ಅನುಪಲ್ಲವಿ ಉಂಟು, ಆದರೂ ಭಾರ ಬೀಳುವುದು ಚರಣಗಳ ಮೇಲೆಯೇ, ಏಕೆಂದರೆ ಹೇಳಬೇಕಾದ ಮಾತು ಅಲ್ಲಿ ಬೆಳೆಯುತ್ತದೆ. ಈಗ ಸಾಲುಗಳ ಮೊದಲ ಮಾತುಗಳನ್ನು ನೋಡಿ: ಹೆಜ್ಜೆಯ, ಗೆಜ್ಜೆಯ, ಸಜ್ಜನ, ಮಜ್ಜಿಗೆ. ಇನ್ನೊಂದು ಚರಣದಲ್ಲಿ ಕನಕ, ಮನಕಾಮನೆ, ದಿನಕರ, ಜನಕ. ಎರಡನೆಯ ಅಕ್ಷರ ಒಂದೇ. ಅದರ ಹಿಂದಿನ ಅಕ್ಷರ ಗುರುವಾದರೆ ಎಲ್ಲ ಕಡೆ ಗುರು, ಲಘುವಾದರೆ ಎಲ್ಲ ಕಡೆ ಲಘು. ಷಟ್ಪದಿ ಓದಿದವರಿಗೆ ಇದು ಹೊಸದಲ್ಲ, ನಮ್ಮ ಆದಿಪ್ರಾಸವೇ. ಬರಹದಲ್ಲಿ ಅದು ಸಾಲಿನ ಮೊದಲಲ್ಲಿ ಕಾಣುತ್ತದೆ, ಹಾಡಿನಲ್ಲಿ ತಾಳದ ಆವರ್ತಕ್ಕೆ ಗಂಟು ಹಾಕಿಕೊಳ್ಳುತ್ತದೆ.

ಆ ಗಂಟು ಪಲ್ಲವಿಯಲ್ಲೇ ಸಿಗುತ್ತದೆ. ‘ನಮ್ಮಮ್ಮ ನೀ ಸೌಭಾಗ್ಯದ ಲಕ್ಷ್ಮೀ’ ಎನ್ನುವಾಗ ‘ಸೌ’ ಹಿಂದಿನ ಸಾಲಿನ ಬಾಲದಲ್ಲಿ ಉಳಿದು, ‘ಭಾಗ್ಯದ’ ಎಂಬುದು ಮತ್ತೆ ಮೊದಲಿನ ಜಾಗಕ್ಕೇ ಬಂದು ಕೂರುತ್ತದೆ. ಪದ ಒಂದು ಕಡೆ ಒಡೆಯುತ್ತದೆ, ಪ್ರಾಸ ಇನ್ನೊಂದು ಕಡೆ ಹಿಡಿಯುತ್ತದೆ.

ಇನ್ನೂರೈವತ್ತು ವರ್ಷ ದಾಟಿ ತಿರುವಾರೂರಿಗೆ ಬರೋಣ. ಶ್ಯಾಮಾಶಾಸ್ತ್ರಿ, ತ್ಯಾಗರಾಜ (1767–1847), ಮುತ್ತುಸ್ವಾಮಿ ದೀಕ್ಷಿತರು ಮೂವರೂ ಅಲ್ಲೇ ಹುಟ್ಟಿದವರು. ಇವರ ಕೈಯಲ್ಲಿ ಕೀರ್ತನೆಯ ತೂಕ ಬದಲಾಯಿತು. ಮಾತಿನ ಜೊತೆಗೆ ರಾಗವೂ ಬೆಳೆಯಬೇಕಿತ್ತು, ಅದಕ್ಕೆ ಜಾಗ ಬೇಕಾಯಿತು. ಚರಣಗಳು ಕಡಿಮೆಯಾದವು, ಎಷ್ಟೋ ಕಡೆ ಒಂದೇ ಉಳಿಯಿತು. ಪಲ್ಲವಿಯ ಒಂದೇ ಸಾಲನ್ನು ಸಂಗತಿ ಸಂಗತಿಯಾಗಿ, ಅಂದರೆ ಪ್ರತಿ ಸಲ ಧಾಟಿಯನ್ನು ಸ್ವಲ್ಪ ಬೆಳೆಸಿ ಹಾಡುತ್ತ, ಹಿಗ್ಗಿಸುವ ರೂಢಿ ಬಂತು. ಅನುಪಲ್ಲವಿ ರಾಗವನ್ನು ತಾರಷಡ್ಜದತ್ತ ಏರಿಸುವ ಮೆಟ್ಟಿಲಾಯಿತು.

ಕಲ್ಯಾಣಿ ರಾಗ, ಮಿಶ್ರಛಾಪು ತಾಳದಲ್ಲಿರುವ ತ್ಯಾಗರಾಜರ ‘ನಿಧಿ ಚಾಲ ಸುಖಮಾ’ ತೆಗೆದುಕೊಂಡರೆ ಎಲ್ಲವೂ ಒಂದೇ ಕಡೆ ಸಿಗುತ್ತದೆ. ಪಲ್ಲವಿ: ‘ನಿಧಿ ಚಾಲ ಸುಖಮಾ, ರಾಮುನಿ ಸನ್ನಿಧಿ ಸೇವ ಸುಖಮಾ, ನಿಜಮುಗ ಪಲ್ಕು ಮನಸಾ’. ಹಣದ ನಿಧಿ ಸುಖವೋ, ರಾಮನ ಸನ್ನಿಧಿಯ ಸೇವೆ ಸುಖವೋ, ನಿಜ ಹೇಳು ಮನಸೇ. ‘ಭಾಗ್ಯದ’ ಮತ್ತು ‘ಸೌಭಾಗ್ಯದ’ ಆಡಿದ ಆಟವೇ ಇಲ್ಲಿ ‘ನಿಧಿ’ ಮತ್ತು ‘ಸನ್ನಿಧಿ’ಯಲ್ಲಿದೆ. ಅನುಪಲ್ಲವಿ ‘ದಧಿ ನವನೀತ ಕ್ಷೀರಮುಲು ರುಚೋ’ ಎಂದು ಶುರು. ನಿಧಿ, ದಧಿ: ಪಲ್ಲವಿಯ ಪ್ರಾಸವನ್ನು ಅನುಪಲ್ಲವಿ ಎತ್ತಿಕೊಳ್ಳಬೇಕು ಎಂಬುದು ಕಟ್ಟು. ಅನುಪಲ್ಲವಿಯ ಎರಡನೆಯ ಸಾಲು ‘ದಾಶರಥಿ ಧ್ಯಾನ ಭಜನ ಸುಧಾರಸಮು ರುಚೋ’. ಅಲ್ಲಿ ಎರಡನೆಯ ಅಕ್ಷರ ಕೂಡುವುದಿಲ್ಲ, ಮೊದಲನೆಯದು ಕೂಡುತ್ತದೆ: ದಧಿಗೆ ದಾಶರಥಿ. ಪಲ್ಲವಿಯ ನಿಧಿಗೆ ನಿಜಮುಗ ಎಂಬ ಜೋಡಿಯೂ ಹಾಗೆಯೇ. ಇದಕ್ಕೆ ಯತಿ ಎನ್ನುತ್ತಾರೆ.

ಚರಣ ಬಂದಾಗ ಪ್ರಾಸ ಬದಲಾಗಬಹುದು, ಬದಲಾಗಿದೆ. ‘ದಮ ಶಮಮನು ಗಂಗಾಸ್ನಾನಮು ಸುಖಮಾ, ಕರ್ದಮ ದುರ್ವಿಷಯ ಕೂಪಸ್ನಾನಮು ಸುಖಮಾ’. ಆಮೇಲೆ ‘ಮಮತಾ ಬಂಧನ’ ಮತ್ತು ‘ಸುಮತಿ ತ್ಯಾಗರಾಜ’. ನಾಲ್ಕರಲ್ಲೂ ಎರಡನೆಯ ಅಕ್ಷರ ಮ. ‘ಕರ್ದಮ’ದ ‘ಕರ್’ ಹಿಂದಿನ ಆವರ್ತದ ಕೊನೆಗೆ ಅಂಟಿಕೊಂಡರೆ ‘ದಮ’ ಪ್ರಾಸಸ್ಥಾನಕ್ಕೆ ಇಳಿಯುತ್ತದೆ.

ಎಡವಟ್ಟಾಗುವುದೂ ಇಲ್ಲೇ. ದಮ ಎಂದರೆ ಇಂದ್ರಿಯನಿಗ್ರಹ, ಕರ್ದಮ ಎಂದರೆ ಕೆಸರು. ‘ಕರ್’ ಎಂದು ನಿಲ್ಲಿಸಿ, ಉಸಿರೆಳೆದು ‘ದಮ ದುರ್ವಿಷಯ’ ಎಂದು ಎತ್ತಿದರೆ ಕೆಸರಿನ ಬಾವಿ ನಿಗ್ರಹದ ಬಾವಿಯಾಗುತ್ತದೆ. ‘ರಾಮುನಿ ಸನ್’ ಎಂದು ಬಿಟ್ಟು ‘ನಿಧಿ ಸೇವ ಸುಖಮಾ’ ಎಂದರೆ ಹಣದ ಸೇವೆ ಸುಖವೇ ಎಂಬ ಪ್ರಶ್ನೆ ಬೇರೆ! ಪರಿಹಾರ ಸುಲಭ: ‘ಸುಖಮಾ’ ಆದ ಮೇಲೆ ಉಸಿರು ತೆಗೆದುಕೊಂಡು, ‘ರಾಮುನಿ ಸನ್ನಿಧಿ’ಯನ್ನು ಒಂದೇ ಉಸಿರಿನಲ್ಲಿ ದಾಟಿಸಬೇಕು. ‘ಕರ್ದಮ’ಕ್ಕೂ ಅದೇ. ಹಾಳೆಯಲ್ಲಿ ಪ್ರಾಸಾಕ್ಷರ ಮತ್ತು ಅದರ ಹಿಂದಿನ ಅಕ್ಷರ ಎರಡರ ಕೆಳಗೂ ಗೆರೆ ಎಳೆದು, ಆ ಗೆರೆಯ ಹಿಂದೆ ಅದೇ ಪದದ ಒಂಟಿ ಅಕ್ಷರವೇನಾದರೂ ನಿಂತಿದೆಯೇ ಎಂದು ನೋಡಿದರೆ ಅಪಾಯದ ಜಾಗ ಗೊತ್ತಾಗುತ್ತದೆ.

ಇಲ್ಲಿ ಪುಣೆಯ ಮಕ್ಕಳು ಸಾಹಿತ್ಯ ಬರೆದುಕೊಳ್ಳುವುದು ಹೆಚ್ಚಾಗಿ ದೇವನಾಗರಿಯಲ್ಲಿ ಅಥವಾ ಇಂಗ್ಲಿಷ್ ಅಕ್ಷರದಲ್ಲಿ. ಮರಾಠಿ ಬರಹದಲ್ಲಿ ಎ ಮತ್ತು ಏ ಎರಡಕ್ಕೂ ಒಂದೇ ಗುರುತು. ಇಂಗ್ಲಿಷ್ ಹಾಳೆಯಲ್ಲಿ ದ, ಡ ಎರಡೂ ಒಂದೇ. ಲಘು ಗುರುವಾಗಿ ಎಳೆದುಕೊಂಡರೆ ಪ್ರಾಸದ ಲೆಕ್ಕ ತಪ್ಪುತ್ತದೆ. ತೆಲುಗಿನ ಸಾಹಿತ್ಯವನ್ನು ಒಂದು ಅಕ್ಷರವೂ ಕೆಡದಂತೆ ಹಿಡಿಯಬಲ್ಲ ಲಿಪಿ ಮನೆಯಲ್ಲೇ ಇರುವಾಗ ಇದೇಕೆ ಎಂದು ನನಗೆ ಅನಿಸುವುದುಂಟು, ಆದರೆ ಕನ್ನಡ ಓದಲು ಬಾರದ ಮಗುವಿಗೆ ಅದನ್ನು ಹೇಳಿ ಏನು ಫಲ?

ದೀಕ್ಷಿತರದು ಬೇರೆ ಜಾಡು. ಸಂಸ್ಕೃತ ಕಾವ್ಯಕ್ಕೆ ಈ ಪ್ರಾಸದ ಕಟ್ಟು ಇಲ್ಲ, ಅವರು ಅದನ್ನು ಸಂಸ್ಕೃತಕ್ಕೂ ತಂದರು: ‘ವಾತಾಪಿ’ಗೆ ಅನುಪಲ್ಲವಿಯಲ್ಲಿ ‘ಭೂತಾದಿ’, ‘ವೀತರಾಗಿಣಂ’. ಕೆಲವು ಕೃತಿಗಳಲ್ಲಿ ಅನುಪಲ್ಲವಿ ಮತ್ತು ಚರಣವನ್ನು ಬೇರೆಬೇರೆಯಾಗಿಡದೆ ಸಮಷ್ಟಿ ಚರಣವೆಂದು ಒಂದಾಗಿಸಿದರು, ಕೊನೆಗೆ ಇಮ್ಮಡಿ ವೇಗದ ಮಧ್ಯಮಕಾಲ ಸಾಹಿತ್ಯ ಇಟ್ಟರು. ಅಂಥ ಕೃತಿ ಕೇಳಿ ‘ಅನುಪಲ್ಲವಿ ನುಂಗಿದರು’ ಎಂದು ಗಾಯಕರನ್ನು ದೂರುವ ರಸಿಕರಿದ್ದಾರೆ.

ಇನ್ನು ಅಜ್ಜನನ್ನು ಸುಮ್ಮನಾಗಿಸಿದ ಮಗುವಿನ ಪ್ರಶ್ನೆ. ‘ನಿಧಿ ಚಾಲ’ದ ಚರಣದ ಮೊದಲರ್ಧ ನಡುಸ್ಥಾಯಿಯಲ್ಲಿ ತನ್ನದೇ ಧಾಟಿಯಲ್ಲಿ ಓಡಾಡುತ್ತದೆ. ‘ಮಮತಾ ಬಂಧನ’ಕ್ಕೆ ಬಂದಾಗ ಅನುಪಲ್ಲವಿಯ ಧಾಟಿಯೇ ಮರಳುತ್ತದೆ, ‘ದಧಿ ನವನೀತ’ ಹಾಡಿದ್ದ ದಾರಿಯಲ್ಲೇ. ತ್ಯಾಗರಾಜರ ಬಹಳಷ್ಟು ಕೃತಿಗಳು ಹೀಗೆ. ಹೀಗಾಗಿ ಅನುಪಲ್ಲವಿ ಅಂತರಾ ಎನ್ನುವುದು ಅರ್ಧ ಸರಿ, ಮೇಲಿನ ಷಡ್ಜಕ್ಕೆ ಏರುವ ಮಟ್ಟಿಗೆ. ಚರಣಕ್ಕೆ ಜೋಡಿ ಹುಡುಕಲು ಖಯಾಲ್ ಬಿಟ್ಟು ಧ್ರುಪದಕ್ಕೆ ಹೋಗಬೇಕು. ಅಲ್ಲಿ ಸ್ಥಾಯಿ, ಅಂತರಾ ಆದ ಮೇಲೆ ಸಂಚಾರಿ, ಆಭೋಗ ಎಂದು ಇನ್ನೆರಡುಂಟು. ಸಂಚಾರಿ ನಡುವೆ ಸುತ್ತಾಡಿ, ಆಭೋಗ ಮತ್ತೆ ಅಂತರಾದಂತೆ ಮೇಲೇರುತ್ತದೆ. ಆ ಎರಡೂ ಸೇರಿದರೆ ಹೆಚ್ಚುಕಡಿಮೆ ನಮ್ಮ ಚರಣ. ಕಛೇರಿಯಲ್ಲಿ ಒಂದೇ ಸಾಲನ್ನು ಬಗೆಬಗೆಯಾಗಿ ಹಾಡಿ ಬೆಳೆಸುವ ನೆರವಲ್‌ಗೆ ಸಾಮಾನ್ಯವಾಗಿ ಆರಿಸಿಕೊಳ್ಳುವುದೂ ‘ಮಮತಾ ಬಂಧನ’ ಸಾಲನ್ನೇ. ಅದು ಎತ್ತರದಲ್ಲಿದೆ, ಮಾತು ಇಡಿಯಾಗಿದೆ, ಒಡೆದ ಪದ ಒಂದೂ ಅದರ ಮುಂದೆ ನಿಂತಿಲ್ಲ.